ಮೋಟರಿನ ವೈರು ಬಿಸಿ ಮಾಡುವ ಕಾಲ್ಪನಿಕ ಸಂಖ್ಯೆ

ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಇಷ್ಟೇ: i ಅಂದ್ರೆ ಮೈನಸ್ ಒಂದರ ವರ್ಗಮೂಲ. ಹೆಸರೇ ಕಾಲ್ಪನಿಕ ಸಂಖ್ಯೆ. ಇಲ್ಲದ್ದನ್ನ ಯಾಕ್ ಓದಬೇಕು ಅಂತ ಯಾರಾದ್ರೂ ಕೇಳಿದ್ರೆ, ‘ಎಕ್ಸಾಮಿಗೆ ಬರ್ತದ’ ಅನ್ನೋದು ಬಿಟ್ರೆ ನಮ್ಮ ಹತ್ರ ಬೇರೆ ಉತ್ತರ ಇರಲಿಲ್ಲ. ಇಂಜಿನಿಯರಿಂಗಿಗೆ ಬಂದ ಮೇಲೆ ಎಸಿ ಸರ್ಕ್ಯೂಟಿನಲ್ಲಿ ಅದೇ ಮತ್ತೆ ಎದುರಾಯ್ತು, j ಅನ್ನೋ ಹೆಸರಲ್ಲಿ. i ಅಕ್ಷರ ಆಗಲೇ ಕರೆಂಟಿಗೆ ಹೋಗಿಬಿಟ್ಟಿದೆ, ಅದಕ್ಕೆ.

ವರ್ಗಮೂಲ ಅನ್ನೋದನ್ನ ಸ್ವಲ್ಪ ಹೊತ್ತು ಮರೆತುಬಿಡೋಣ. ಕಾಗದದ ಮೇಲೆ ಬಲಕ್ಕೆ ಒಂದು ಬಾಣ ಬರೆಯಿರಿ. ಅದನ್ನ -1ರಿಂದ ಗುಣಿಸಿದ್ರೆ ಎಡಕ್ಕೆ ತಿರುಗ್ತದೆ, ಅಂದ್ರೆ 180 ಡಿಗ್ರಿ. ಹಾಗಾದ್ರೆ ಎರಡು ಸಲ ಮಾಡಿದಾಗ 180 ಡಿಗ್ರಿ ಆಗುವಂಥ ಕೆಲಸ ಯಾವುದು? ಒಂದು ಸಲಕ್ಕೆ 90 ಡಿಗ್ರಿ ತಿರುಗಿಸೋದು. ಆ ಕೆಲಸದ ಹೆಸರೇ j. ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಕಾಲು ಸುತ್ತು. ಎರಡು ಸಲ ತಿರುಗಿಸಿದ್ರೆ j × j = -1. ಇದರಲ್ಲಿ ಕಲ್ಪನೆ ಎಲ್ಲಿದೆ ಹೇಳ್ರಿ? ಸಂಖ್ಯೆಗಳನ್ನ ಒಂದೇ ಗೆರೆಯ ಮೇಲೆ ಕೂರಿಸಿದ್ದಕ್ಕೆ ಅದಕ್ಕೆ ಜಾಗ ಸಿಗಲಿಲ್ಲ ಅಷ್ಟೆ. ಗೆರೆಯ ಬದಲು ಸಮತಲ ಕೊಟ್ರೆ ಅದು ನೆಟ್ಟಗೆ ಮೇಲೆ ಕೂತುಕೊಳ್ತದೆ.

ಈಗ ಶಕ್ತಿನಗರಕ್ಕೆ ಬರೋಣ. ಆರ್‌ಟಿಪಿಎಸ್ಸಿನ ಟರ್ಬೈನ್ ನಿಮಿಷಕ್ಕೆ 3000 ಸುತ್ತು, ಅಂದ್ರೆ ಸೆಕೆಂಡಿಗೆ 50 ಸುತ್ತು ತಿರುಗ್ತದೆ. ನಮ್ಮ ಪ್ಲಗ್ಗಿನಲ್ಲಿ ಬರೋ 50 ಹರ್ಟ್ಜ್ ಅದೇ. ವೋಲ್ಟೇಜನ್ನ ಸುತ್ತುವ ಬಾಣ ಅಂದುಕೊಂಡ್ರೆ, ನಾವು ಬರೆಯೋ ಸೈನ್ ವೇವ್ ಆ ಬಾಣದ ನೆರಳು. ಕರೆಂಟಿಗೂ ಅಂಥದ್ದೇ ಒಂದು ಬಾಣ. ಎರಡೂ ಒಂದೇ ವೇಗದಲ್ಲಿ ಸುತ್ತೋದರಿಂದ ನಡುವಿನ ಕೋನ ಬದಲಾಗೋದಿಲ್ಲ. ಹಾಗಾಗಿ ಒಂದು ಕ್ಷಣದ ಫೋಟೋ ಹಿಡಿದು ಲೆಕ್ಕ ಮಾಡಿದ್ರೆ ಸಾಕು. 1893ರಲ್ಲಿ ಸ್ಟೈನ್‌ಮೆಟ್ಜ್ ಷಿಕಾಗೋದಲ್ಲಿ ಇಂಜಿನಿಯರುಗಳಿಗೆ ಈ ದಾರಿಯನ್ನೇ ವಿವರಿಸಿದ್ದು. ಡಿಫರೆನ್ಷಿಯಲ್ ಈಕ್ವೇಷನ್ ಹೋಗಿ ಬರೀ ಕೂಡೋದು, ಗುಣಿಸೋದು ಉಳೀತು.

ದೇವದುರ್ಗ ಅಥವಾ ಮಾನ್ವಿ ಕಡೆ ಹೊಲದಲ್ಲಿ ಒಂದು 7.5 ಎಚ್‌ಪಿ ಮೂರು ಫೇಸಿನ ಮೋಟರ್ ಇದೆ ಅಂದುಕೊಳ್ಳಿ. ಟಿಸಿಯಿಂದ ವೈರು ಬಹಳ ದೂರ ಎಳೆದಿದ್ದಾರೆ. ಒಂದು ಫೇಸನ್ನಷ್ಟೇ ನೋಡೋಣ. 230 ವೋಲ್ಟ್, ನೀರೆತ್ತುತ್ತಿರುವ ಮೋಟರಿನ ಇಂಪೀಡೆನ್ಸ್ 16 + 12j ಓಮ್ ಅಂತ ನಾವೇ ಸುಲಭದ ಅಂಕಿ ಇಟ್ಟುಕೊಂಡಿದ್ದೀವಿ. ಭಾಗಿಸಿದ್ರೆ:

I = 230 / (16 + 12j) = 9.2 - 6.9j

9.2 ಆಂಪಿಯರ್ ವೋಲ್ಟೇಜಿನ ದಿಕ್ಕಿನಲ್ಲೇ ಇದೆ, ನೀರೆತ್ತುವ ಪವರ್ ಬರೋದು ಅದರಿಂದಲೇ. 6.9 ಆಂಪಿಯರ್ ಕಾಲು ಸುತ್ತು ಹಿಂದೆ ಬಿದ್ದಿದೆ. ಅದು ಮೋಟರಿನ ಮ್ಯಾಗ್ನೆಟಿಕ್ ಫೀಲ್ಡ್ ಕಟ್ಟೋದಕ್ಕೆ ಹೋಗ್ತದೆ, ವಾಪಸ್ ಬರ್ತದೆ. ಒಂದು ಹನಿ ನೀರನ್ನೂ ಎತ್ತೋದಿಲ್ಲ.

ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದ್ರೆ ಎಷ್ಟು ತೋರಿಸ್ತದೆ? ನಮ್ಮಲ್ಲಿ ಅರ್ಧ ಜನ 16.1 ಅಂದ್ವಿ, ಎರಡನ್ನೂ ಕೂಡಿ. ತಪ್ಪು. ಬಾಣಗಳು ಲಂಬಕೋನದಲ್ಲಿವೆ, ಪೈಥಾಗೊರಸ್ ಬೇಕು: 11.5 ಆಂಪಿಯರ್. ವೈರಿಗೆ ಮಾತ್ರ ಯಾವ ಭಾಗ ರಿಯಲ್, ಯಾವುದು ಇಮ್ಯಾಜಿನರಿ ಅನ್ನೋದು ಗೊತ್ತಿಲ್ಲ. ಪೂರ್ತಿ 11.5 ಆಂಪಿಯರಿಗೂ ಅದು ಬಿಸಿಯಾಗ್ತದೆ.

ಇಲ್ಲಿ j ಉಪಕಾರಕ್ಕೆ ಬರ್ತದೆ. -6.9j ಅಳಿಸಬೇಕಂದ್ರೆ +6.9j ಬೇಕು. ಕೆಪಾಸಿಟರಿನ ಕರೆಂಟು ವೋಲ್ಟೇಜಿಗಿಂತ ಕಾಲು ಸುತ್ತು ಮುಂದೆ ಇರ್ತದೆ, ನಮಗೆ ಬೇಕಾದ ದಿಕ್ಕು ಅದೇ. 6.9ನ್ನ 314 × 230ರಿಂದ ಭಾಗಿಸಿದ್ರೆ ಪ್ರತಿ ಫೇಸಿಗೆ ಸುಮಾರು 96 ಮೈಕ್ರೋಫ್ಯಾರಡ್. ಅದನ್ನ ಮೋಟರಿಗೆ ಪ್ಯಾರಲಲ್ ಆಗಿ ಕೊಟ್ರೆ ಟಿಸಿಯಿಂದ ಬರೋ ವೈರಿನಲ್ಲಿ 9.2 ಆಂಪಿಯರ್ ಮಾತ್ರ. ಶಾಖ ಕರೆಂಟಿನ ವರ್ಗದ ಲೆಕ್ಕ, ಹಾಗಾಗಿ ವೈರಿನಲ್ಲಿ ಮೊದಲು 100 ಇದ್ದ ನಷ್ಟ 64ಕ್ಕೆ ಇಳೀತದೆ. ವೋಲ್ಟೇಜ್ ಡ್ರಾಪೂ ಕಡಿಮೆ.

ಮೀಟರನ್ನ ಕೆಪಾಸಿಟರ್ ಮತ್ತು ಮೋಟರಿನ ನಡುವೆ ಹಾಕಿ ನೋಡಿದವ್ರು ‘ಏನೂ ಕಡಿಮೆ ಆಗಿಲ್ಲಲ್ಲ’ ಅಂತಾರೆ. ಅಲ್ಲಿ ಈಗಲೂ 11.5 ಇರೋದೇ ಸರಿ. ಮೋಟರಿಗೆ ಫೀಲ್ಡ್ ಬೇಕೇ ಬೇಕು, ಈಗ ಅದನ್ನ ಪಕ್ಕದ ಕೆಪಾಸಿಟರ್ ಕೊಡ್ತಿದೆ. ಫರಕು ಕಾಣೋದು ಕಂಬದ ಕಡೆ. ಹಾಗೇ, ಮೋಟರ್ ತಿನ್ನೋ ಯೂನಿಟ್ಟೇನೂ ಇದರಿಂದ ಇಳಿಯೋದಿಲ್ಲ.

ಇನ್ನೂ ದೊಡ್ಡ ಕೆಪಾಸಿಟರ್ ಹಾಕಿದ್ರೆ ಇನ್ನೂ ಒಳ್ಳೇದಾ? ಎರಡು ಪಟ್ಟು ಹಾಕಿ ನೋಡಿ: -6.9j + 13.8j = +6.9j. ಬಾಣ ಕೆಳಗಿಂದ ಮೇಲಕ್ಕೆ ಜಿಗೀತು, ಉದ್ದ ಮತ್ತೆ 11.5. ಕಾಸು ಖರ್ಚು, ಕ್ಲ್ಯಾಂಪ್ ಮೀಟರಿನಲ್ಲಿ ಹಳೇ ಅಂಕಿಯೇ. ಸರಿಯಾಗಿ ಸೊನ್ನೆ ಮಾಡೋದೂ ಜಾಣತನ ಅಲ್ಲ: ಸ್ವಿಚ್ ಆಫ್ ಮಾಡಿದ ಮೇಲೂ ಮೋಟರ್ ಸ್ವಲ್ಪ ಹೊತ್ತು ತಿರುಗ್ತಿರ್ತದೆ, ಆಗ ದೊಡ್ಡ ಕೆಪಾಸಿಟರ್ ಅದನ್ನ ಜನರೇಟರ್ ಮಾಡಿ ವೋಲ್ಟೇಜ್ ಏರಿಸಬಹುದು. ಅದಕ್ಕೇ ಮೋಟರಿಗೇ ನೇರ ಜೋಡಿಸುವಾಗ ನಮ್ಮ 96ಕ್ಕಿಂತ ಕಡಿಮೆ ಹಾಕಿ, ಸ್ವಲ್ಪ -j ಉಳಿಸ್ತಾರೆ.