ವಾರ್ಡಿನ ಎರಡು ತಿಂಗಳು, 250 ಪದಗಳಲ್ಲಿ

ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಡ್ರಿಪ್ ಹಾಕಿಸಿಕೊಂಡವರಿಗೆ ಈ ನೋವು ಗೊತ್ತು. ಕೈಗೆ ಕ್ಯಾನುಲಾ ಚುಚ್ಚಿದ ಜಾಗ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ಜೀವ ಹೋದಂತಾಗುತ್ತದೆ. ಇದು ರಕ್ತನಾಳದ ಉರಿಯೂತ. ನರ್ಸ್‌ಗಳ ಮಾತಿನಲ್ಲಿ ಫ್ಲೆಬೈಟಿಸ್. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನ ಸಿಸ್ಟರ್ ಒಬ್ಬರು ಇದನ್ನು ತಗ್ಗಿಸಲು ಎರಡು ತಿಂಗಳು ಶ್ರಮಪಟ್ಟು, ಲೆಕ್ಕ ಇಟ್ಟು, ಈಗ ನರ್ಸಿಂಗ್ ಸಮ್ಮೇಳನದಲ್ಲಿ ಅದನ್ನು ಮಂಡಿಸಲು ಹೊರಟಿದ್ದಾರೆ ಎಂದುಕೊಳ್ಳೋಣ. ಮೊದಲು ಅವರು ಸಂಘಟಕರಿಗೆ ಒಂದು ಅಬ್‌ಸ್ಟ್ರ್ಯಾಕ್ಟ್, ಅಂದರೆ ಕೆಲಸದ ಸಾರಾಂಶ, ಕಳಿಸಬೇಕು. ಮಿತಿ 250 ಪದ. ಇಲ್ಲಿ ಬರುವ ಸಿಸ್ಟರ್, ವಾರ್ಡು, ಅಂಕಿಗಳು ಎಲ್ಲವೂ ವಿವರಣೆಗಾಗಿ ಕಟ್ಟಿಕೊಂಡವು. ಆದರೆ ಅವರು ಎಡವುವ ಜಾಗಗಳು ಮಾತ್ರ ನಿಜವಾದವು.

ಅವರ ಮೊದಲ ಕರಡು ಹೀಗೆ ಶುರುವಾಗುತ್ತದೆ: ‘ಅಭಿಧಮನಿಯ ಮೂಲಕ ಔಷಧ ಕೊಡುವುದು ಇಂದಿನ ಆಸ್ಪತ್ರೆಗಳಲ್ಲಿ ಅತ್ಯಂತ ಸಾಮಾನ್ಯವಾದ ಚಿಕಿತ್ಸಾ ವಿಧಾನವಾಗಿದ್ದು, ಇದರಲ್ಲಿ ನರ್ಸ್‌ಗಳ ಪಾತ್ರ ಬಹಳ ಮಹತ್ವದ್ದು...’ ಮುಂದೆ ಫ್ಲೆಬೈಟಿಸ್ ಎಂದರೇನು, ಅದರ ವಿಧಗಳು ಯಾವುವು, ಯಾವ ದೇಶದಲ್ಲಿ ಎಷ್ಟು ಎಂಬ ವಿವರ. ವಾರ್ಡಿನಲ್ಲಿ ಏನು ಮಾಡಿದರು ಎಂಬ ಮಾತು ಬರುವಷ್ಟರಲ್ಲಿ ಅರ್ಧ ಪದಗಳು ಖರ್ಚಾಗಿರುತ್ತವೆ. ಕಾಲೇಜಿನಲ್ಲಿ ಬರೆದ ಪ್ರಬಂಧದ ಅಭ್ಯಾಸ ಇದು. ಆಯ್ಕೆ ಮಾಡುವವರೂ ನರ್ಸ್‌ಗಳೇ. ಅವರಿಗೆ ಕ್ಯಾನುಲಾ ಪರಿಚಯ ಮಾಡಿಕೊಡಬೇಕಿಲ್ಲ.

ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಕೊಡುವ ಸಿಸ್ಟರ್ ರೋಗಿಯ ಪೂರ್ವಾಪರವನ್ನೆಲ್ಲ ಹೇಳುತ್ತಾ ಕೂರುವುದಿಲ್ಲ. ಏನು ತೊಂದರೆ, ಏನು ಮಾಡಿದ್ದೇವೆ, ಈಗ ಹೇಗಿದೆ, ಏನು ಬಾಕಿ, ಇಷ್ಟೇ. ಗುಣಮಟ್ಟ ಸುಧಾರಣೆಯ ಸಾರಾಂಶಕ್ಕೂ ಇದೇ ಕ್ರಮ ಸರಿಹೊಂದುತ್ತದೆ. ಇಂಥ ಕೆಲಸಗಳನ್ನು ವರದಿ ಮಾಡಲೆಂದೇ ‘ಸ್ಕ್ವೈರ್’ ಎಂಬ ಮಾರ್ಗಸೂಚಿ ಇದೆ, ಅದರ 2.0 ಆವೃತ್ತಿ 2015ರಲ್ಲಿ ಪ್ರಕಟವಾಯಿತು. ಅದೂ ಸ್ಥಳೀಯ ಸಮಸ್ಯೆ, ಮಾಡಿದ ಬದಲಾವಣೆ, ಫಲಿತಾಂಶ ಮತ್ತು ಅದರ ಅರ್ಥ ಸಾರಾಂಶದಲ್ಲಿ ಇರಲಿ ಎನ್ನುತ್ತದೆ.

ಪದಗಳನ್ನು ಹಂಚಿಕೊಂಡು ಕೂತರೆ ಕೆಲಸ ಹಗುರ. ಹಿನ್ನೆಲೆಗೆ 40, ಉದ್ದೇಶಕ್ಕೆ 20, ವಿಧಾನಕ್ಕೆ 80, ಫಲಿತಾಂಶಕ್ಕೆ 70, ಕೊನೆಯ ಮಾತಿಗೆ 30. ಒಟ್ಟು 240, ಉಳಿದ 10 ಪದ ಕೈಯಲ್ಲಿರಲಿ. ಆದರೆ ಬರೆಯುವುದನ್ನು ಈ ಕ್ರಮದಲ್ಲಿ ಶುರು ಮಾಡಬಾರದು. ಮೊದಲು ಫಲಿತಾಂಶ, ಆಮೇಲೆ ಅದಕ್ಕೆ ಬೇಕಾದಷ್ಟು ವಿಧಾನ, ಕೊನೆಯಲ್ಲಿ ಹಿನ್ನೆಲೆ.

ಸಿಸ್ಟರ್ ಕರಡಿನಲ್ಲಿ ಫಲಿತಾಂಶ ಒಂದೇ ಸಾಲಿನಲ್ಲಿತ್ತು: ‘ಫ್ಲೆಬೈಟಿಸ್ ಪ್ರಮಾಣ ಶೇ. 53ರಷ್ಟು ಗಣನೀಯವಾಗಿ ಕಡಿಮೆಯಾಯಿತು.’ ಕೇಳಲು ಚೆನ್ನಾಗಿದೆ. ಆದರೆ ಎಷ್ಟರಿಂದ ಎಷ್ಟಕ್ಕೆ ಇಳಿಯಿತು? ಅವರ ರಿಜಿಸ್ಟರ್ ತೆರೆದರೆ ಲೆಕ್ಕ ಸ್ಪಷ್ಟವಾಗಿದೆ. ಬದಲಾವಣೆಗೆ ಮುಂಚಿನ ನಾಲ್ಕು ವಾರಗಳಲ್ಲಿ ಕ್ಯಾನುಲಾ ಹಾಕಿದ 60 ರೋಗಿಗಳಲ್ಲಿ 18 ಮಂದಿಗೆ ಫ್ಲೆಬೈಟಿಸ್ ಆಗಿತ್ತು, ಅಂದರೆ ಶೇ. 30. ನಂತರದ ನಾಲ್ಕು ವಾರಗಳಲ್ಲಿ 64ರಲ್ಲಿ 9 ಮಂದಿಗೆ, ಅಂದರೆ ಶೇ. 14. ಶೇ. 30ರ ಜಾಗದಲ್ಲಿ 14 ಬಂದರೆ ಇಳಿಕೆ ಅರ್ಧಕ್ಕಿಂತ ಹೆಚ್ಚು ಎನ್ನುವುದು ಸುಳ್ಳಲ್ಲ. ಆದರೂ ನೂರು ರೋಗಿಗಳಿಗೆ ಲೆಕ್ಕ ಹಾಕಿದರೆ ನೋವು ತಪ್ಪಿದ್ದು ಸುಮಾರು 16 ಜನರಿಗೆ. ಓದುವವರು ನಂಬುವುದು ‘60ರಲ್ಲಿ 18, 64ರಲ್ಲಿ 9’ ಎಂಬ ಬರಿಯ ಎಣಿಕೆಯನ್ನು. ಒಂದೊಂದು ಅವಧಿಯ ರೋಗಿಗಳ ಸಂಖ್ಯೆ ನೂರನ್ನೂ ದಾಟದಿರುವಾಗ ಒಟ್ಟು ಸಂಖ್ಯೆಯಿಲ್ಲದ ಶೇಕಡಾವಾರು ಕಂಡರೆ ಅನುಭವಿ ವಿಮರ್ಶಕರಿಗೆ ಮೊದಲು ಬರುವುದೇ ಅನುಮಾನ.

‘ಗಣನೀಯ’ ಎಂಬ ಮಾತಿಗೂ ಬೆಲೆ ತೆರಬೇಕು. ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದ್ದರೆ ಮಾತ್ರ ಆ ಪದ ಬಳಸಬಹುದು. ಈ ಅಂಕಿಗಳಿಗೆ ಪರೀಕ್ಷೆ ಮಾಡಿದರೆ ಪಿ ಮೌಲ್ಯ ಸುಮಾರು 0.03 ಬರುತ್ತದೆ, ಸಾಮಾನ್ಯವಾಗಿ ಒಪ್ಪುವ 0.05ರ ಗೆರೆಗಿಂತ ಕೆಳಗೆ. ಆದರೆ ನಿಜವಾದ ಇಳಿಕೆ ನೂರಕ್ಕೆ ಎರಡರಿಂದ ಮೂವತ್ತರವರೆಗೆ ಎಷ್ಟಾದರೂ ಇರಬಹುದು ಎಂದು ಅದೇ ಲೆಕ್ಕ ಹೇಳುತ್ತದೆ. ಎಣಿಕೆ ಚಿಕ್ಕದಾದಷ್ಟೂ ಈ ಹರವು ದೊಡ್ಡದು. ಇದನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನು ವಿಧಾನ. ‘ಸಿಬ್ಬಂದಿಗೆ ಅರಿವು ಮೂಡಿಸಲಾಯಿತು’ ಎಂದು ಬರೆದರೆ ಇನ್ನೊಂದು ವಾರ್ಡಿನವರು ಅದನ್ನು ಹೇಗೆ ಮಾಡಿ ನೋಡಬೇಕು? ಸಿಸ್ಟರ್ ನಿಜವಾಗಿ ಮಾಡಿದ್ದು ಮೂರು ಕೆಲಸ. ಪ್ರತಿ ಶಿಫ್ಟಿನಲ್ಲಿ ಕ್ಯಾನುಲಾ ಜಾಗ ನೋಡಿ ವಿಐಪಿ ಅಂಕ ಬರೆಯುವ ಒಂದು ಕಾಲಂ ಅನ್ನು ನರ್ಸಿಂಗ್ ಚಾರ್ಟಿಗೆ ಸೇರಿಸಿದರು. ಡ್ರೆಸಿಂಗ್ ಮೇಲೆ ಹಾಕಿದ ದಿನಾಂಕ ಬರೆಯಿಸಿದರು. ಅಂಕ 2 ಬಂದ ಕೂಡಲೇ ಕ್ಯಾನುಲಾ ತೆಗೆಯುವ ನಿಯಮ ತಂದರು. ವಿಐಪಿ ಎಂದರೆ ಇಲ್ಲಿ ಗಣ್ಯರಲ್ಲ. ಕಣ್ಣಿಂದ ನೋಡಿ ಫ್ಲೆಬೈಟಿಸ್ ಅಳೆಯುವ, 0ಯಿಂದ 5ರವರೆಗಿನ ಮಾಪಕ. ನೋವು, ಕೆಂಪು, ಊತ ಈ ಮೂರರಲ್ಲಿ ಎರಡು ಕಂಡರೆ ಅಂಕ 2. ‘ಫ್ಲೆಬೈಟಿಸ್ ಎಂದರೆ ಅಂಕ 2 ಅಥವಾ ಹೆಚ್ಚು’ ಎಂದು ಹೇಳಲು ಹೆಚ್ಚು ಪದ ಬೇಕಿಲ್ಲ. ಅದಿಲ್ಲದಿದ್ದರೆ ಮುಂದಿನ ಅಂಕಿಗಳಿಗೆಲ್ಲ ನೆಲೆಯೇ ಇಲ್ಲ. ನಿಯಮ ಪಾಲನೆಯಾಯಿತೇ ಎಂಬುದಕ್ಕೂ ಒಂದು ಅಂಕಿ ಬೇಕು: ತೆಗೆದು ನೋಡಿದ 40 ಚಾರ್ಟುಗಳಲ್ಲಿ 34ರಲ್ಲಿ ಪ್ರತಿ ಶಿಫ್ಟಿನ ಅಂಕ ತುಂಬಿತ್ತು. ಚಾರ್ಟೇ ತುಂಬದ ವಾರ್ಡಿನಲ್ಲಿ ಇಳಿಕೆ ಕಂಡಿದ್ದರೆ ಕಾರಣವನ್ನು ಬೇರೆಲ್ಲೋ ಹುಡುಕಬೇಕಾಗುತ್ತಿತ್ತು.

ಕೊನೆಯ ಮಾತಿನಲ್ಲಿ ಕರಡು ಹೇಳಿದ್ದು: ‘ಎಲ್ಲ ಆಸ್ಪತ್ರೆಗಳೂ ಇದನ್ನು ಅಳವಡಿಸಿಕೊಳ್ಳಬೇಕು.’ ಒಂದೇ ವಾರ್ಡು, ಎರಡು ತಿಂಗಳು, ಹೋಲಿಸಲು ಬೇರೆ ವಾರ್ಡು ಇಲ್ಲ. ಆ ಅವಧಿಯಲ್ಲೇ ರಕ್ತನಾಳ ಕೆರಳಿಸುವ ಆಂಟಿಬಯೋಟಿಕ್ ಬಳಕೆ ಇಳಿದಿರಬಹುದು, ಹೊಸ ಕಂಪನಿಯ ಕ್ಯಾನುಲಾ ಬಂದಿರಬಹುದು. ಹಾಗಾಗಿ ತಿದ್ದಿದ ಫಲಿತಾಂಶ ಮತ್ತು ಕೊನೆಯ ಮಾತು ಹೀಗಾಯಿತು:

‘ಫ್ಲೆಬೈಟಿಸ್ 60 ರೋಗಿಗಳಲ್ಲಿ 18ರಿಂದ (ಶೇ. 30) 64ರಲ್ಲಿ 9ಕ್ಕೆ (ಶೇ. 14) ಇಳಿಯಿತು. ಪರೀಕ್ಷಿಸಿದ 40 ಚಾರ್ಟುಗಳಲ್ಲಿ 34 ಪೂರ್ಣವಾಗಿದ್ದವು. ಶಿಫ್ಟಿಗೊಮ್ಮೆ ಅಂಕ ದಾಖಲಿಸಿದ ಅವಧಿಯಲ್ಲಿ ಫ್ಲೆಬೈಟಿಸ್ ಕಡಿಮೆ ಕಂಡಿತು. ಹೋಲಿಕೆ ವಾರ್ಡು ಇಲ್ಲದ, ಒಂದೇ ವಾರ್ಡಿನ ಚಿಕ್ಕ ಅಧ್ಯಯನವಾದ್ದರಿಂದ ಇತರ ಕಾರಣಗಳನ್ನು ತಳ್ಳಿಹಾಕಲಾಗದು. ಆರು ತಿಂಗಳು ಮುಂದುವರಿಸಿ ನೋಡಲಾಗುವುದು.’

ಹೆಚ್ಚಿನ ಸಮ್ಮೇಳನಗಳಿಗೆ ಇದನ್ನು ಇಂಗ್ಲಿಷಿನಲ್ಲಿ ಕಳಿಸಬೇಕಾಗುತ್ತದೆ. ಕನ್ನಡ ಪ್ರತ್ಯಯಗಳಲ್ಲಿ ಅಡಗಿಸುವುದನ್ನು ಇಂಗ್ಲಿಷ್ ಬಿಡಿಬಿಡಿ ಪದಗಳಲ್ಲಿ ಹೇಳುವುದರಿಂದ ಎಣಿಕೆ ಅಲ್ಲಿ ಬೇಗ ಏರುತ್ತದೆ. ಕನ್ನಡದಲ್ಲಿ ಯೋಚಿಸಿ ಬರೆಯುವವರು ಇದಕ್ಕೆ ಜಾಗ ಬಿಟ್ಟುಕೊಂಡಿರಬೇಕು. ಮಿತಿ ಮೀರಿದಾಗ ಕೈ ಹಾಕಬೇಕಾದದ್ದು ಹಿನ್ನೆಲೆಗೆ ಮತ್ತು ವಿಶೇಷಣಗಳಿಗೆ. ಅಂಕಿಗಳನ್ನು ಮುಟ್ಟಬಾರದು.

ಕಳಿಸುವ ಮುನ್ನ ಸೂಚನೆಗಳನ್ನು ಮತ್ತೊಮ್ಮೆ ಓದಬೇಕು. ಶೀರ್ಷಿಕೆ ಮತ್ತು ಉಪಶೀರ್ಷಿಕೆಗಳು ಮಿತಿಯೊಳಗೆ ಬರುತ್ತವೆಯೇ, ಲೆಕ್ಕ ಪದಗಳದ್ದೋ ಅಕ್ಷರಗಳದ್ದೋ ಎಂಬುದು ಸಮ್ಮೇಳನದಿಂದ ಸಮ್ಮೇಳನಕ್ಕೆ ಬೇರೆ. ಲೇಖಕರ ಹೆಸರು ಮುಚ್ಚಿ ಪರಿಶೀಲಿಸುವ ಕಡೆ ಆಸ್ಪತ್ರೆಯ ಹೆಸರು ಸಾರಾಂಶದಲ್ಲಿ ನುಸುಳಿರಬಾರದು. ನೈತಿಕ ಸಮಿತಿಯ ಅನುಮತಿ ಅಥವಾ ವಿನಾಯಿತಿ ಪತ್ರ ಕೇಳುವವರಿದ್ದಾರೆ. ಕೊನೆಯ ದಿನ ಅದನ್ನು ಹುಡುಕಿಕೊಂಡು ಓಡಿದರೆ ಸಿಗುವುದಿಲ್ಲ. ಆನ್‌ಲೈನ್ ಫಾರಂನಲ್ಲಿ ಅಂಟಿಸಿದ ಮೇಲೆ ಕೊನೆಯ ಸಾಲು ಉಳಿದಿದೆಯೇ ಎಂದೂ ನೋಡಬೇಕು. ಮಿತಿ ದಾಟಿದ ಭಾಗವನ್ನು ಕೆಲವು ಫಾರಂಗಳು ಸದ್ದಿಲ್ಲದೆ ಕತ್ತರಿಸುತ್ತವೆ. ಹಾಗೆ ಹೋಗುವುದು ಹಿನ್ನೆಲೆಯಲ್ಲ, ಸಿಸ್ಟರ್ ಕಷ್ಟಪಟ್ಟು ತೂಗಿ ಬರೆದ ಕೊನೆಯ ಎರಡು ಸಾಲುಗಳು.