ಕೂಗುವ ರೋಗಿಗಿಂತ ಗೊರಕೆಯ ರೋಗಿ ಮೊದಲು

ಜಿಲ್ಲಾಸ್ಪತ್ರೆಯೊಂದರ ವಾರ್ಡಿನಲ್ಲಿ ರಾತ್ರಿ ಪಾಳಿ ನಡೆದಿದೆ ಎಂದುಕೊಳ್ಳಿ. ಡ್ಯೂಟಿ ಡಾಕ್ಟರು ಒಬ್ಬರೇ, ನರ್ಸುಗಳು ಇಬ್ಬರು. ಒಂದೇ ಹೊತ್ತಿಗೆ ನಾಲ್ಕು ಕಡೆಯಿಂದ ಕರೆ ಬರುತ್ತದೆ. ಹರ್ನಿಯಾ ಆಪರೇಷನ್ ಆದವನು ನೋವು ತಾಳಲಾರದೆ ಕೂಗುತ್ತಿದ್ದಾನೆ. ಹೊಟ್ಟೆಯ ಹುಣ್ಣಿನ ರೋಗಿ ರಕ್ತ ವಾಂತಿ ಮಾಡಿಕೊಂಡು ಬೆವರಿದ್ದಾನೆ, ಬಿಪಿ 88ಕ್ಕೆ ಇಳಿದಿದೆ. ನ್ಯುಮೋನಿಯಾದ ಅಜ್ಜಿಯ ಉಸಿರು ನಿಮಿಷಕ್ಕೆ 32. ಸಂಜೆ ಮಾರ್ಫಿನ್ ಇಂಜೆಕ್ಷನ್ ಪಡೆದಾತ ಗೊರಕೆ ಹೊಡೆಯುತ್ತಿದ್ದಾನೆ. “ಎಬ್ಬಿಸಿದರೂ ಏಳ್ತಿಲ್ಲ ಸಿಸ್ಟರ್, ಒಳ್ಳೆ ನಿದ್ದೆ ಬಂದಿರಬೇಕು” ಎನ್ನುತ್ತಾಳೆ ಹೆಂಡತಿ.

ಡಾಕ್ಟರು ಮೊದಲು ಹೋಗಬೇಕಾದದ್ದು ಈ ‘ಒಳ್ಳೆ ನಿದ್ದೆ’ಯವನ ಬಳಿಗೆ.

ಇದನ್ನು ತೀರ್ಮಾನಿಸುವುದು ಎಬಿಸಿ ಕ್ರಮ: ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರಾಟ, ನಂತರ ರಕ್ತಸಂಚಾರ. ಯಾವುದು ಕೆಟ್ಟರೆ ಜೀವ ಬೇಗ ಹೋಗುತ್ತದೋ ಅದಕ್ಕೆ ಮೊದಲ ಸ್ಥಾನ. ಗಾಳಿಯ ದಾರಿ ಪೂರ್ತಿ ಮುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ.

ಎಚ್ಚರವಿಲ್ಲದವನ ನಾಲಿಗೆ ಸಡಿಲಗೊಂಡು ಹಿಂದಕ್ಕೆ ಜಾರಿ ಗಂಟಲನ್ನು ಅರ್ಧ ಮುಚ್ಚುತ್ತದೆ. ಗೊರಕೆ ಬರುವುದು ಅಲ್ಲಿಂದ. ಗೊಳಗೊಳ ಸದ್ದು ಬಂದರೆ ಬಾಯಲ್ಲಿ ಜೊಲ್ಲೋ ವಾಂತಿಯೋ ನಿಂತಿದೆ ಎಂದರ್ಥ. ಎದೆ ಏರಿಳಿಯಲು ಹೆಣಗುತ್ತಿದ್ದೂ ಸದ್ದೇ ಇಲ್ಲದಿದ್ದರೆ ಇನ್ನೂ ಅಪಾಯ: ದಾರಿ ಪೂರ್ತಿ ಮುಚ್ಚಿರಬಹುದು. ಡಾಕ್ಟರು ಆತನ ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತುತ್ತಾರೆ, ಬಾಯಿಯಲ್ಲಿರುವುದನ್ನು ಸಕ್ಷನ್‌ನಿಂದ ತೆಗೆಯುತ್ತಾರೆ. ಗೊರಕೆ ನಿಲ್ಲುತ್ತದೆ. ಈಗ ಎಣಿಸಿದರೆ ಉಸಿರು ನಿಮಿಷಕ್ಕೆ ಆರೇ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ. ಮಾರ್ಫಿನ್ ಹೆಚ್ಚಾಗಿದೆ. ಆಂಬು ಬ್ಯಾಗಿನಿಂದ ಉಸಿರು ಕೊಡುತ್ತಾ, ಮಾರ್ಫಿನ್ನಿನ ಪರಿಣಾಮ ಇಳಿಸುವ ನಲೋಕ್ಸೋನ್ ಹಾಕಬೇಕು.

ಇಲ್ಲೊಂದು ಮೋಸವಿದೆ. ಆಕ್ಸಿಜನ್ ಹಾಕಿದ್ದರೆ ಬೆರಳಿನ ಮೀಟರು 96 ತೋರಿಸುತ್ತಲೇ ಇರಬಹುದು. ಉಸಿರು ಕಡಿಮೆಯಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದನ್ನು ಅದು ಹೇಳುವುದಿಲ್ಲ. ಹಾಗಾಗಿ ಎದೆಯ ಏರಿಳಿತ ನೋಡಿ ಎಣಿಸಲೇಬೇಕು.

ಎರಡನೆಯ ಸರದಿ ಅಜ್ಜಿಯದು. ಒಂದು ವಾಕ್ಯ ಪೂರ್ತಿ ಆಡಲಾರದಷ್ಟು ಏದುಸಿರು. ಎತ್ತಿ ಕೂರಿಸಿ ಆಕ್ಸಿಜನ್ ಕೊಡಬೇಕು. ಮೂರನೆಯದು ರಕ್ತ ವಾಂತಿಯವನದು: ದಪ್ಪ ಸೂಜಿಯ ಎರಡು ಡ್ರಿಪ್, ರಕ್ತಕ್ಕೆ ಬೇಡಿಕೆ. ಕೂಗುವವನ ನೋವು ನಿಜ, ಪರಿಹಾರವೂ ಬೇಕು. ಆದರೆ ಕೂಗಲು ಗಾಳಿಯ ದಾರಿ ತೆರೆದಿರಬೇಕು.

ಸರದಿ ಎಂದರೆ ಒಂದು ಮುಗಿದ ಮೇಲೆ ಇನ್ನೊಂದು ಎಂದಲ್ಲ. ಡಾಕ್ಟರು ಗದ್ದ ಹಿಡಿದಿರುವಾಗಲೇ ಒಬ್ಬ ನರ್ಸ್ ಅಜ್ಜಿಗೆ ಮಾಸ್ಕ್ ಹಾಕಬೇಕು, ಮತ್ತೊಬ್ಬರು ಡ್ರಿಪ್ ಶುರುಮಾಡಿ ಮೇಲಿನ ಡಾಕ್ಟರಿಗೆ ಫೋನ್ ಮಾಡಬೇಕು. ಕ್ರಮಕ್ಕೆ ಅಪವಾದವೂ ಉಂಟು. ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ಒತ್ತಿ ಹಿಡಿಯಬೇಕು. ಹೃದಯವೇ ನಿಂತಿದ್ದರೆ ಮೊದಲು ಎದೆ ಒತ್ತಬೇಕು.

ರೋಗಿಯ ಪಕ್ಕ ಕುಳಿತ ಮನೆಯವರೂ ಇದನ್ನು ತಿಳಿದಿರಲಿ. ನೋವಿನ ಅಥವಾ ನಿದ್ದೆಯ ಇಂಜೆಕ್ಷನ್ ಪಡೆದವರು ಹೊಸದಾಗಿ ಗೊರಕೆ ಹೊಡೆಯುತ್ತಾ, ಅಲುಗಿಸಿದರೂ ಏಳದಿದ್ದರೆ, ಮಲಗಲಿ ಎಂದು ಬಿಡಬೇಡಿ. ತಕ್ಷಣ ನರ್ಸನ್ನು ಕರೆಯಿರಿ.