ರವೆ ದೋಸೆ ಮೊದಲು, ಇಡ್ಲಿ ಕೊನೆಗೆ

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ದೊಡ್ಡ ಸಸ್ಯಾಹಾರಿ ಹೋಟೆಲಿನ ಅಡುಗೆಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಾವಲಿ. ಆದರೆ ಅಲ್ಲಿನ ಕೆಲಸವನ್ನೆಲ್ಲ ನಡೆಸುವುದು ಅದರ ಮೇಲ್ಗಡೆ ಗೋಡೆಗೆ ಹೊಡೆದಿರುವ ಒಂದು ಅಲ್ಯೂಮಿನಿಯಂ ಪಟ್ಟಿ. ಸಪ್ಲೈಯರ್ ತಂದ ಚೀಟಿಯನ್ನು ಅದರ ಅಂಚಿಗೆ ತಳ್ಳಿದರೆ ಒಳಗಿರುವ ಗೋಲಿಗಳು ಕಾಗದವನ್ನು ಕಚ್ಚಿ ಹಿಡಿಯುತ್ತವೆ. ಈ ಚೀಟಿಗೆ ಹೋಟೆಲಿನವರು ಹೇಳುವುದು ಕೆಓಟಿ ಎಂದು. ಟೇಬಲ್ ನಂಬರು, ಬರೆದ ಹೊತ್ತು, ಬೇಕಾದ ತಿಂಡಿ, ಅದರಲ್ಲಿರುವುದು ಇಷ್ಟೇ. ಈಗ ಹಲವು ಕಡೆ ಕಾಗದದ ಬದಲು ಪರದೆ ಬಂದಿದೆ, ತಡವಾದ ಚೀಟಿ ಅದರಲ್ಲಿ ಕೆಂಪಾಗುತ್ತದೆ. ಆದರೆ ಮುಂದೆ ಯಾವುದಕ್ಕೆ ಕೈ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಕಾವಲಿ ಮುಂದೆ ನಿಂತವರೇ ಹುಡುಕಬೇಕು.

ಮೊದಲು ಬಂದವರಿಗೆ ಮೊದಲು ಕೊಡುವುದು ನ್ಯಾಯ ಎಂದು ಯಾರಿಗಾದರೂ ಅನಿಸುತ್ತದೆ. ಜನ ಕಡಿಮೆ ಇದ್ದಾಗ ಅದು ಸರಿಯೇ. ಗಿರಾಕಿ ತುಂಬಿದಾಗ ಚೀಟಿಗಳನ್ನು ಬಂದ ಸರದಿಯಲ್ಲೇ ಒಂದೊಂದಾಗಿ ಮುಗಿಸುತ್ತ ಹೋದರೆ ಕಾವಲಿ ಅರ್ಧ ಖಾಲಿ ಇರುತ್ತದೆ, ಬೋರ್ಡು ಮಾತ್ರ ತುಂಬುತ್ತಲೇ ಹೋಗುತ್ತದೆ. ಒಂದು ಬೆಳಗಿನ ನಾಲ್ಕು ಚೀಟಿಗಳನ್ನು ಹಿಡಿದು ನೋಡಿದರೆ ಇದು ತಿಳಿಯುತ್ತದೆ.

ನಮ್ಮ ಕಾವಲಿಯ ನಡುವೆ ಒಮ್ಮೆಗೆ ಎಂಟು ಮಸಾಲೆ ದೋಸೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ತುದಿಯಲ್ಲಿ ಉರಿ ತಗ್ಗಿಸಿ ರವೆ ದೋಸೆಗೂ ಸೆಟ್ ದೋಸೆಗೂ ಜಾಗ ಬಿಟ್ಟಿದ್ದಾರೆ. ಮಸಾಲೆ ದೋಸೆ ಹುಯ್ದು ತೆಗೆಯಲು ನಾಲ್ಕು ನಿಮಿಷ. ರವೆ ದೋಸೆಗೆ ಎಂಟು ನಿಮಿಷ, ಯಾಕೆಂದರೆ ಅದರ ಹಿಟ್ಟು ಮಜ್ಜಿಗೆಯಷ್ಟು ತೆಳು. ಅದರಲ್ಲಿರುವ ನೀರೆಲ್ಲ ಆರಿದ ಮೇಲೇ ಅದು ಗರಿಯಾಗುವುದು. ಉರಿ ಹೆಚ್ಚಿಸಿ ಅವಸರ ಮಾಡಿದರೆ ಅಂಚು ಸೀದುಹೋಗಿ ನಡು ಮೆತ್ತಗೇ ಉಳಿಯುತ್ತದೆ. ಸೆಟ್ ದೋಸೆಗೆ ಮುಚ್ಚಳ ಮುಚ್ಚಿ ಮೂರು ನಿಮಿಷ. ಇಡ್ಲಿ ಪಾತ್ರೆಯಲ್ಲಿ ಬೆಂದು ಸಿದ್ಧವಾಗಿದೆ, ತಟ್ಟೆಗೆ ಹಾಕಿ ಚಟ್ನಿ ಬಡಿಸಲು ಒಂದು ನಿಮಿಷ ಸಾಕು.

9.10ಕ್ಕೆ ಏಳನೇ ಟೇಬಲ್ಲಿನ ಚೀಟಿ ಬಂತು: ಎರಡು ಮಸಾಲೆ, ಒಂದು ಈರುಳ್ಳಿ ರವೆ, ಒಂದು ಇಡ್ಲಿ ವಡೆ. 9.11ಕ್ಕೆ ಮೂರನೇ ಟೇಬಲ್ಲು: ಎರಡು ಪ್ಲೇಟ್ ಇಡ್ಲಿ. 9.12ಕ್ಕೆ ಹನ್ನೆರಡನೇ ಟೇಬಲ್ಲು: ನಾಲ್ಕು ಮಸಾಲೆ. 9.13ಕ್ಕೆ ಐದನೇ ಟೇಬಲ್ಲು: ಒಂದು ಸೆಟ್, ಒಂದು ಮಸಾಲೆ. ಕಾವಲಿಯ ನಡುವೆ ಹಿಂದಿನ ಸುತ್ತಿನ ದೋಸೆಗಳಿವೆ. ಅವು 9.14ಕ್ಕೆ ಏಳುತ್ತವೆ, ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಗುಡಿಸಿ ಮತ್ತೆ ಹುಯ್ಯುವಷ್ಟರಲ್ಲಿ 9.15.

ಅನುಭವ ಇಲ್ಲದವರು ಏಳನೇ ಟೇಬಲ್ಲಿನ ಚೀಟಿಯನ್ನು ಬರೆದ ಕ್ರಮದಲ್ಲೇ ಓದುತ್ತಾರೆ. 9.15ಕ್ಕೆ ಎರಡು ಮಸಾಲೆ ಹುಯ್ದು ಜೊತೆಗೇ ತುದಿಯಲ್ಲಿ ರವೆ ಹಾಕುತ್ತಾರೆ. ಮಸಾಲೆ 9.19ಕ್ಕೆ ಆಗುತ್ತದೆ, ರವೆ ಆಗುವುದು 9.23ಕ್ಕೆ. ಆ ನಾಲ್ಕು ನಿಮಿಷ ಎರಡು ಮಸಾಲೆ ದೋಸೆಗಳೂ ಕಟ್ಟೆಯ ಮೇಲೆ ಕಾಯುತ್ತವೆ. ಒಳಗಿನ ಆಲೂಗಡ್ಡೆ ಪಲ್ಯದ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ದೋಸೆಯ ಮೈಗೇ ಇಳಿಯುತ್ತದೆ. ಟೇಬಲ್ಲಿಗೆ ಹೋಗುವ ಹೊತ್ತಿಗೆ ಬಣ್ಣ ಹಾಗೇ ಇರುತ್ತದೆ, ಗರಿ ಇರುವುದಿಲ್ಲ. ಅಷ್ಟರಲ್ಲಿ ಹನ್ನೆರಡನೇ ಟೇಬಲ್ಲಿನ ನಾಲ್ಕು ದೋಸೆ ಮುಂದಿನ ಸುತ್ತಿಗೆ ಹೋಗಿ 9.24ಕ್ಕೆ ಏಳುತ್ತವೆ. ಐದನೇ ಟೇಬಲ್ಲಿನವರ ಒಂದೇ ಒಂದು ಮಸಾಲೆ ಬರುವುದು 9.29ಕ್ಕೆ. ಮೂರೂ ಸುತ್ತುಗಳಲ್ಲಿ ಕಾವಲಿ ಪೂರ್ತಿ ತುಂಬಿದ್ದು ಒಮ್ಮೆಯೂ ಇಲ್ಲ.

ಬಲ್ಲ ಭಟ್ಟರು ಚೀಟಿಯನ್ನು ಹಿಂದಿನಿಂದ ಓದುತ್ತಾರೆ. ಏಳನೇ ಟೇಬಲ್ಲಿನಲ್ಲಿ ಎಲ್ಲಕ್ಕಿಂತ ನಿಧಾನದ್ದು ರವೆ. ಅದಕ್ಕೆ ನಡುವಿನ ಜಾಗ ಬೇಡ, ಹಿಂದಿನ ಸುತ್ತು ಏಳುವವರೆಗೆ ಕಾಯಬೇಕಾಗಿಯೂ ಇಲ್ಲ. 9.11ಕ್ಕೇ ತುದಿಯಲ್ಲಿ ಹುಯ್ದರೆ 9.19ಕ್ಕೆ ಆಗುತ್ತದೆ. ಹಾಗಾದರೆ ಆ ಟೇಬಲ್ಲಿನ ಮಸಾಲೆಗಳೂ 9.19ಕ್ಕೇ ಆಗಬೇಕು, ಅಂದರೆ 9.15ಕ್ಕೆ ಹುಯ್ಯಬೇಕು. ಇಡ್ಲಿ ವಡೆ ತಟ್ಟೆಗೆ ಬೀಳಬೇಕಾದ್ದು 9.18ಕ್ಕೆ. ಕೊಡುವ ಹೊತ್ತಿನಿಂದ ಬೇಯುವ ಹೊತ್ತನ್ನು ಕಳೆದರೆ ಉಳಿಯುವುದೇ ಶುರು ಮಾಡುವ ಹೊತ್ತು. ಬೋರ್ಡನ್ನು ಜೋಡಿಸಬೇಕಾದ್ದು ಈ ಶುರುವಿನ ಹೊತ್ತಿನ ಪ್ರಕಾರ. ಚೀಟಿ ಬಂದ ಹೊತ್ತನ್ನೋ ತಿಂಡಿ ಬೇಯುವ ಹೊತ್ತನ್ನೋ ಬೇರೆಬೇರೆಯಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ.

"ಭಟ್ರೇ, ಏಳನೇ ಟೇಬಲ್ ಕೇಳ್ತಾ ಇದಾರೆ" ಎಂದು ಸಪ್ಲೈಯರ್ ಹುಡುಗ ಬಂದು ನಿಂತರೆ, "ರವೆ ಹುಯ್ದಾಗಿದೆ ಮಾರಾಯ, ಎಲ್ಲ ಒಟ್ಟಿಗೆ ಬರ್ತದೆ, ಹತ್ತೊಂಬತ್ತಕ್ಕೆ ಬಾ" ಎಂದು ಅವರು ಗಡಿಯಾರ ನೋಡದೆಯೇ ಹೇಳಬಲ್ಲರು.

ಇನ್ನು 9.15ರ ಸುತ್ತಿನ ವಿಷಯ. ಬೋರ್ಡಿನ ಮೇಲಿರುವ ಮಸಾಲೆಗಳನ್ನೆಲ್ಲ ಟೇಬಲ್ ಮರೆತು ಕೂಡಿಸಿ: ಎರಡು, ನಾಲ್ಕು, ಒಂದು, ಒಟ್ಟು ಏಳು. ಕಾವಲಿಯಲ್ಲಿ ಜಾಗ ಎಂಟಕ್ಕಿದೆ. ಏಳನ್ನೂ ಒಟ್ಟಿಗೆ ಹುಯ್ದರೆ ಯಾರ ದೋಸೆಗೂ ಒಂದು ನಿಮಿಷ ಹೆಚ್ಚು ಹಿಡಿಯುವುದಿಲ್ಲ. ಐದನೇ ಟೇಬಲ್ಲಿನ ಸೆಟ್ಟನ್ನು 9.16ಕ್ಕೆ ತುದಿಯಲ್ಲಿ ಹಾಕಿದರೆ ಅದೂ ಹತ್ತೊಂಬತ್ತಕ್ಕೇ ಏಳುತ್ತದೆ. ಮೂರನೇ ಟೇಬಲ್ಲಿನ ಇಡ್ಲಿ ಕಾವಲಿಯ ಗೊಡವೆಯೇ ಇಲ್ಲದೆ 9.12ಕ್ಕೇ ಹೋಗಿಯಾಗಿದೆ. ಹಾಗೆ 9.20ರೊಳಗೆ ನಾಲ್ಕೂ ಚೀಟಿ ಇಳಿದವು. ಬಂದ ಸರದಿಯಲ್ಲಿ ಮಾಡಿದ್ದರೆ 9.29 ಆಗುತ್ತಿತ್ತು. ಕೈಗಳು ಅವೇ, ಕಾವಲಿಯೂ ಅದೇ.

ಮಸಾಲೆ ದೋಸೆಗೆ ನಾಲ್ಕು ನಿಮಿಷ ಎನ್ನುವ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಈಗಷ್ಟೇ ಒಂದು ಸುತ್ತು ಹುಯ್ದ ಮರುಕ್ಷಣ ಚೀಟಿ ಬಂದರೆ ಆ ಗಿರಾಕಿಯ ದೋಸೆಗೆ ಒಂಬತ್ತು ನಿಮಿಷ: ಆ ಸುತ್ತು ಏಳಲು ನಾಲ್ಕು, ಗುಡಿಸಲು ಒಂದು, ಮತ್ತೆ ನಾಲ್ಕು. ಸುತ್ತು ಶುರುವಾಗುವ ಮುನ್ನ ಬಂದರೆ ನಾಲ್ಕೇ. ನಡುವೆ ಒಂದು ದೋಸೆ ಎದ್ದ ಜಾಗಕ್ಕೆ ಇನ್ನೊಂದು ಹುಯ್ಯಬಹುದಲ್ಲ ಎಂದು ಕೇಳಬಹುದು. ನಡುಭಾಗ ತುಂಬ ಕಾದಿರುತ್ತದೆ, ನೀರು ಚಿಮುಕಿಸಿ ತಣಿಸದೆ ಹುಯ್ದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಂಡು ಸೌಟಿಗೆ ಎದ್ದುಬರುತ್ತದೆ. ನೀರು ಚಿಮುಕಿಸಿದರೆ ಪಕ್ಕದ ದೋಸೆಗಳ ಮೇಲೆ ಬೀಳುತ್ತದೆ. ಅದಕ್ಕೇ ದೋಸೆ ಸುತ್ತುಸುತ್ತಾಗಿ ಬರುವುದು, ನಿಮಗಿಂತ ಆಮೇಲೆ ಕೂತವರಿಗೆ ಕೆಲವೊಮ್ಮೆ ನಿಮ್ಮ ಜೊತೆಗೇ ಸಿಗುವುದು.

ಒಬ್ಬರೇ, ಒಂದೇ ಒಲೆಯಲ್ಲಿ ಒಂದಾದ ಮೇಲೊಂದು ಮಾಡುವ ಕಡೆ, ಉದಾಹರಣೆಗೆ ಸಂಜೆಯ ಫ್ರೈಡ್ ರೈಸ್ ಬಾಣಲೆಯ ಮುಂದೆ, ಲೆಕ್ಕ ಬೇರೆ. ಹನ್ನೆರಡು, ನಾಲ್ಕು, ಎರಡು ನಿಮಿಷದ ಮೂರು ಚೀಟಿ ಒಟ್ಟಿಗೆ ಬಂದಿವೆ. ಅದೇ ಸರದಿಯಲ್ಲಿ ಮಾಡಿದರೆ ಅವು ಮುಗಿಯುವುದು 12, 16, 18ನೇ ನಿಮಿಷಕ್ಕೆ. ಸರಾಸರಿ ಕಾಯುವಿಕೆ ಹದಿನೈದು ನಿಮಿಷಕ್ಕೂ ಮೇಲೆ. ಚಿಕ್ಕದರಿಂದ ಶುರು ಮಾಡಿದರೆ 2, 6, 18. ಸರಾಸರಿ ಒಂಬತ್ತಕ್ಕೂ ಕಡಿಮೆ. ಒಲೆ ಒಂದೇ ಇದ್ದಾಗ ಸರಾಸರಿ ಕಾಯುವಿಕೆಯನ್ನು ಇದಕ್ಕಿಂತ ತಗ್ಗಿಸುವ ಸರದಿ ಇಲ್ಲ ಎಂಬುದನ್ನು 1956ರಲ್ಲಿ ಡಬ್ಲ್ಯೂ. ಇ. ಸ್ಮಿತ್ ಎಂಬ ಗಣಿತಜ್ಞರು ಕಾರ್ಖಾನೆಯ ಯಂತ್ರಗಳ ಕೆಲಸವನ್ನು ಕುರಿತ ಲೇಖನದಲ್ಲಿ ತೋರಿಸಿದರು.

ಆದರೆ ಆ ಗಣಿತದಲ್ಲಿ ಕೆಲಸಗಳೆಲ್ಲ ಮೊದಲೇ ಬಂದು ನಿಂತಿರುತ್ತವೆ. ಹೋಟೆಲಿನಲ್ಲಿ ಹೊಸ ಚೀಟಿ ಬರುತ್ತಲೇ ಇರುತ್ತದೆ. ಆರನೇ ನಿಮಿಷಕ್ಕೆ ಇನ್ನೊಂದು ಫ್ರೈಡ್ ರೈಸ್, ಹತ್ತನೇ ನಿಮಿಷಕ್ಕೆ ಮತ್ತೊಂದು. ಪ್ರತಿ ಸಲವೂ ಚಿಕ್ಕದನ್ನೇ ಆರಿಸಿದರೆ ಹನ್ನೆರಡು ನಿಮಿಷದ ಚೀಟಿ ಅಲುಗುವುದೇ ಇಲ್ಲ. ಮೊದಲು ಬಂದು ಕೂತ ಸಂಸಾರ ತಮ್ಮ ಕಣ್ಣ ಮುಂದೆಯೇ ಮೂರು ಟೇಬಲ್ ಖಾಲಿಯಾಗಿ ತುಂಬುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಇದು ಅನ್ಯಾಯ, ಸರಾಸರಿ ಎಷ್ಟೇ ಚೆನ್ನಾಗಿರಲಿ. ಅದಕ್ಕೆ ಒಂದು ಗೆರೆ ಬೇಕು: ಹತ್ತು ನಿಮಿಷ ಕಾದ ಚೀಟಿಯನ್ನು ಇನ್ನು ಯಾವುದೂ ಹಿಂದಿಕ್ಕಬಾರದು. ಅಂಥ ಚೀಟಿಯನ್ನು ಪಟ್ಟಿಯ ಎಡತುದಿಗೆ ಸರಿಸಿಬಿಟ್ಟರೆ ಸಾಕು, ಮುಂದೆ ಕೈಗೆ ಸಿಗುವುದು ಅದೇ.

ಲೆಕ್ಕ ಹಳಿ ತಪ್ಪಿದ್ದನ್ನು ಬೋರ್ಡೇ ತೋರಿಸುತ್ತದೆ. ಮಾಡಿದ ತಿಂಡಿಗೆ ಪೆನ್ನಿನಲ್ಲಿ ಗೆರೆ ಹೊಡೆಯುವುದು ರೂಢಿ. ಹತ್ತು ಚೀಟಿ ನೇತಾಡುತ್ತಿದ್ದು ಪ್ರತಿಯೊಂದರಲ್ಲೂ ಒಂದೊಂದೇ ಬಾಕಿ ಉಳಿದಿದ್ದರೆ ಎಲ್ಲವನ್ನೂ ಶುರು ಮಾಡಿ ಯಾವುದನ್ನೂ ಮುಗಿಸಿಲ್ಲ ಎಂದರ್ಥ. ಆಗ ಹೊಸ ಚೀಟಿಗೆ ಕೈ ಹಾಕದೆ ಬಾಕಿಗಳನ್ನು ಮುಗಿಸಬೇಕು. ಬೋರ್ಡು ಖಾಲಿಯಿದ್ದು ಕಟ್ಟೆಯ ಮೇಲೆ ತಟ್ಟೆಗಳು ಸಾಲುಗಟ್ಟಿದ್ದರೆ ಅಡುಗೆ ತಡವಾಗಿಲ್ಲ, ಒಯ್ಯುವ ಕೈಗಳು ಸಾಲದಾಗಿವೆ. ಇವೆರಡಕ್ಕಿಂತ ಕೆಟ್ಟದ್ದು ಇಡ್ಲಿ ಪಾತ್ರೆ ಬರಿದಾಗುವುದು. ಒಂದು ನಿಮಿಷದ ತಿಂಡಿ ಆ ಕ್ಷಣದಿಂದ ಹದಿನೈದು ನಿಮಿಷದ್ದಾಗುತ್ತದೆ, ಬೋರ್ಡಿನಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಕೊನೆಯ ತಟ್ಟೆಗೆ ಕೈ ಹಾಕುವ ಮೊದಲೇ "ಇಡ್ಲಿ ಹದಿನೈದು ನಿಮಿಷ" ಎಂದು ಹೊರಗೆ ಕೂಗಿ ಹೇಳುವವರು ಆ ಬೆಳಗಿನ ಅರ್ಧ ಜಗಳ ತಪ್ಪಿಸುತ್ತಾರೆ.

ಪರದೆ ಬಂದ ಕಡೆ ಹೊಸದೊಂದು ತೊಂದರೆ ಸೇರಿಕೊಂಡಿದೆ. ಕೆಂಪು ಬಣ್ಣ ಕಾಣಬಾರದೆಂದು ತಿಂಡಿ ಆಗುವ ಮೊದಲೇ 'ರೆಡಿ' ಒತ್ತುವುದು. ಹಾಗೆ ಒತ್ತಿದಾಗ ಪಾರ್ಸೆಲ್ ಹುಡುಗ ಬಂದು ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಾನೆ. ಜೊತೆಗೆ ರವೆ ದೋಸೆಗೆ ಐದೇ ನಿಮಿಷ ಎಂಬ ಸುಳ್ಳು ದಾಖಲೆ ಉಳಿಯುತ್ತದೆ. ಮುಂದಿನ ಭಾನುವಾರ ಆ ದಾಖಲೆ ನೋಡಿ ಲೆಕ್ಕ ಹಾಕಿದವರು ಮತ್ತೆ ಮೂರು ನಿಮಿಷ ತಡವಾಗಿ ಹುಯ್ಯುತ್ತಾರೆ.

ಚೀಟಿಯಲ್ಲಿ ಬರೆಯದ ಒಂದು ಮಾತು ಗಿರಾಕಿಗಳಿಗೆ ಮಾತ್ರ ಗೊತ್ತಿರುತ್ತದೆ. ಎಲ್ಲ ಒಟ್ಟಿಗೆ ಬೇಕೋ, ಆದದ್ದನ್ನು ಆದ ಹಾಗೆ ತರಬಹುದೋ? ಮಗುವಿಗೆ ಇಡ್ಲಿ ಮೊದಲು ಬೇಕಿದ್ದರೆ ಭಟ್ಟರು ಅದನ್ನು 9.18ರವರೆಗೆ ಹಿಡಿದಿಡಬೇಕಾಗಿಲ್ಲ. ಮುಂದಿನ ಸಲ ಆರ್ಡರ್ ಕೊಡುವಾಗ ಅದನ್ನೂ ಸಪ್ಲೈಯರ್ ಹತ್ತಿರ ಹೇಳಿಬಿಡಿ.